ಮೇಷ್ಟ್ರಿಗೆ ಮಾರ್ಕ್ಸ್ ಹಾಕೋದು ಹೇಗೆ?

ಮಾರ್ಕ್ಸ್ ತಗೊಳ್ಳೋದು ನಮಗೆ ಎಲ್‌ಕೆಜಿಯಿಂದಲೇ ಅಭ್ಯಾಸ ಆಗಿಬಿಟ್ಟಿದೆ. ಆದ್ರೆ ಪಾಠ ಮಾಡೋರಿಗೂ ಯಾರೋ ಮಾರ್ಕ್ಸ್ ಹಾಕ್ತಾ ಇರ್ತಾರೆ ಅನ್ನೋದನ್ನ ನಾವು ಅಷ್ಟಾಗಿ ಯೋಚಿಸಲ್ಲ. ಇದಕ್ಕೆ ಅಪ್ರೈಸಲ್ ಅಂತಾರೆ. ಪ್ರಪಂಚದ ಯಾವ ಮೂಲೆಗೆ ಹೋದ್ರೂ ಇದಕ್ಕೆ ಸಾಮಾನ್ಯವಾಗಿ ಎರಡು ದಾರಿ. ಒಂದು, ಯಾರಾದ್ರೂ ಕ್ಲಾಸಿನ ಹಿಂದಿನ ಬೆಂಚಲ್ಲಿ ಕೂತು ಪಾಠ ನೋಡೋದು. ಇನ್ನೊಂದು, ಆ ಟೀಚರ್ ಹತ್ರ ಕಲಿತ ಮಕ್ಕಳ ರಿಸಲ್ಟ್ ನೋಡೋದು.

ಎರಡೂ ಕೇಳೋಕೆ ಸರಿಯಾಗೇ ಇವೆ. ಪಾಠ ಹೇಗಿದೆ ಅಂತ ತಿಳಿಯಬೇಕಾದ್ರೆ ಪಾಠ ನೋಡಬೇಕು, ಮಕ್ಕಳು ಕಲಿತರಾ ಅಂತ ತಿಳಿಯಬೇಕಾದ್ರೆ ಪರೀಕ್ಷೆ ನೋಡಬೇಕು. ತೊಂದರೆ ಶುರು ಆಗೋದು ಈ ಎರಡನ್ನೂ ಕಲಸಿ ಒಂದೇ ಒಂದು ನಂಬರ್ ಮಾಡಿ, ಆ ನಂಬರ್ ಮೇಲೆ ಒಬ್ಬರ ಕೆಲಸ ಉಳಿಯತ್ತೋ ಹೋಗತ್ತೋ ಅಂತ ತೀರ್ಮಾನ ಮಾಡಿದಾಗ. ಇದನ್ನ ತುಂಬ ಗಟ್ಟಿಯಾಗಿ, ಲೆಕ್ಕಾಚಾರದ ಸಮೇತ ಮಾಡಿ ನೋಡಿದ ಊರು ಒಂದಿದೆ. ಅದು ಅಮೆರಿಕದ ರಾಜಧಾನಿ ವಾಷಿಂಗ್ಟನ್ ಡಿಸಿ. ಮೊದಲು ಅಲ್ಲಿ ಏನಾಯ್ತು ಅಂತ ನೋಡಿ, ಆಮೇಲೆ ನಮ್ಮೂರಿಗೆ ಬರೋಣ.

ಎಲ್ಲರೂ ಪಾಸ್ ಆಗ್ತಿದ್ದ ಕಾಲ

ಮೊದಲು ಅಮೆರಿಕದಲ್ಲಿ ಅಪ್ರೈಸಲ್ ಅಂದ್ರೆ ಒಂದು ಶಾಸ್ತ್ರ ಅಷ್ಟೇ ಆಗಿತ್ತು. ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಸಲ ಪ್ರಿನ್ಸಿಪಾಲ್ ಬಂದು ಸ್ವಲ್ಪ ಹೊತ್ತು ಕೂತು, ಒಂದು ಫಾರ್ಮಲ್ಲಿ ಟಿಕ್ ಹಾಕಿ ಹೋಗ್ತಿದ್ದರು. 2009ರಲ್ಲಿ 'ದಿ ವಿಜೆಟ್ ಎಫೆಕ್ಟ್' ಅನ್ನೋ ಒಂದು ವರದಿ ಬಂತು. ಹನ್ನೆರಡು ಜಿಲ್ಲೆಗಳ ದಾಖಲೆ ತೆಗೆದು ನೋಡಿದ್ರೆ, 'ತೃಪ್ತಿಕರ' ಮತ್ತು 'ತೃಪ್ತಿಕರ ಅಲ್ಲ' ಅಂತ ಎರಡೇ ದರ್ಜೆ ಇದ್ದ ಕಡೆ ಶೇಕಡಾ 99ಕ್ಕಿಂತ ಹೆಚ್ಚು ಟೀಚರ್‌ಗಳು 'ತೃಪ್ತಿಕರ' ಆಗಿದ್ದರು. ಚೆನ್ನಾಗಿ ಪಾಠ ಮಾಡೋರಿಗೂ ಅದೇ ದರ್ಜೆ, ಪಾಠವನ್ನೇ ಮಾಡದವರಿಗೂ ಅದೇ ದರ್ಜೆ. ಕಷ್ಟಪಡ್ತಿರೋ ಹೊಸ ಟೀಚರ್‌ಗೆ ಎಲ್ಲಿ ತಪ್ತಿದೆ ಅಂತ ಹೇಳೋರೂ ಇಲ್ಲ.

ಅದೇ ಹೊತ್ತಿಗೆ ವಾಷಿಂಗ್ಟನ್ನಿನ ಸರ್ಕಾರಿ ಶಾಲೆಗಳ ಮುಖ್ಯಸ್ಥೆ ಆಗಿದ್ದವರು ಮಿಶೆಲ್ ರೀ. ಅವರು 2009-10ರ ಶಾಲಾ ವರ್ಷದಿಂದ 'ಇಂಪ್ಯಾಕ್ಟ್' ಅನ್ನೋ ಹೊಸ ವ್ಯವಸ್ಥೆ ತಂದರು. ಪ್ರತಿಯೊಬ್ಬ ಟೀಚರ್‌ಗೂ 100ರಿಂದ 400ರ ಒಳಗೆ ಒಂದು ಸ್ಕೋರ್. 350 ದಾಟಿದ್ರೆ 'ಅತ್ಯಂತ ಪರಿಣಾಮಕಾರಿ', ಅವರಿಗೆ ದೊಡ್ಡ ಬೋನಸ್. 250ರಿಂದ 349 'ಪರಿಣಾಮಕಾರಿ'. 175ರಿಂದ 249 'ಅಲ್ಪ ಪರಿಣಾಮಕಾರಿ', ಸತತ ಎರಡು ವರ್ಷ ಇದರಲ್ಲೇ ಇದ್ರೆ ಕೆಲಸ ಹೋಯ್ತು. 175ಕ್ಕಿಂತ ಕೆಳಗೆ ಬಂದ್ರೆ ಅದೇ ವರ್ಷ ಮನೆಗೆ.

ಈ ಸ್ಕೋರ್ ಹೇಗೆ ಬರತ್ತೆ? ನಾಲ್ಕರಿಂದ ಎಂಟನೇ ಕ್ಲಾಸಿಗೆ ಇಂಗ್ಲಿಷ್ ಅಥವಾ ಗಣಿತ ಹೇಳೋ ಟೀಚರ್‌ಗಳಿಗೆ ಮೊದಲ ವರ್ಷಗಳಲ್ಲಿ ಲೆಕ್ಕ ಹೀಗಿತ್ತು. ಅವರ ಮಕ್ಕಳ ಪರೀಕ್ಷೆಯ ಫಲಿತಾಂಶಕ್ಕೆ 50 ಭಾಗ, ಕ್ಲಾಸ್ ಅಬ್ಸರ್ವೇಶನ್‌ಗೆ 35, ಶಾಲೆಯ ಇತರ ಕೆಲಸಗಳಲ್ಲಿ ತೊಡಗೋದಕ್ಕೆ 10, ಇಡೀ ಶಾಲೆಯ ಫಲಿತಾಂಶಕ್ಕೆ 5. ಪ್ರತಿಯೊಂದಕ್ಕೂ 1ರಿಂದ 4ರ ಒಳಗೆ ಅಂಕ ಕೊಟ್ಟು, ಆ ಭಾಗದಿಂದ ಗುಣಿಸಿ ಕೂಡಿಸೋದು.

ಒಬ್ಬ ಕಾಲ್ಪನಿಕ ಟೀಚರ್ ತಗೊಳ್ಳೋಣ. ಅಬ್ಸರ್ವೇಶನ್‌ನಲ್ಲಿ 3.2, ಶಾಲೆಯ ಕೆಲಸದಲ್ಲಿ 3.3, ಶಾಲೆಯ ಫಲಿತಾಂಶಕ್ಕೆ 2.5. ಆದ್ರೆ ಅವರದೇ ಮಕ್ಕಳ ಫಲಿತಾಂಶಕ್ಕೆ ಬಂದದ್ದು ಬರೀ 1.0.

```
50×1.0 + 35×3.2 + 10×3.3 + 5×2.5 = 207.5
50×2.5 + 35×3.2 + 10×3.3 + 5×2.5 = 282.5
```

ಮೊದಲ ಸಾಲಲ್ಲಿ ಅವರು 'ಅಲ್ಪ ಪರಿಣಾಮಕಾರಿ'. ಎರಡನೇ ಸಾಲಲ್ಲಿ ಬದಲಾಗಿರೋದು ಒಂದೇ ಸಂಖ್ಯೆ, ಆದ್ರೆ ಅವರು ಆರಾಮಾಗಿ 'ಪರಿಣಾಮಕಾರಿ'. ಅಂದ್ರೆ ಕ್ಲಾಸಲ್ಲಿ ಕೂತು ನೋಡಿದವರು ಎಷ್ಟೇ ಹೊಗಳಿದ್ರೂ ಆ 50 ಭಾಗದ ಸಂಖ್ಯೆ ಎಲ್ಲವನ್ನೂ ಕೆಳಗೆ ಎಳೆಯಬಲ್ಲದು. ಹಾಗಾದ್ರೆ ಆ ಸಂಖ್ಯೆ ಎಲ್ಲಿಂದ ಬರತ್ತೆ ಅಂತ ನೋಡಲೇಬೇಕು.

ಫಲಿತಾಂಶದಿಂದ ಟೀಚರ್‌ನ ಬೇರೆ ಮಾಡೋದು

ಸುಮ್ಮನೆ ಪಾಸ್ ಪರ್ಸೆಂಟೇಜ್ ತಗೊಂಡ್ರೆ ಅನ್ಯಾಯ ಆಗತ್ತೆ ಅನ್ನೋದು ವಾಷಿಂಗ್ಟನ್‌ನವರಿಗೆ ಗೊತ್ತಿತ್ತು. ಮೊದಲೇ ಚೆನ್ನಾಗಿ ಓದೋ ಮಕ್ಕಳು ಸಿಕ್ಕ ಟೀಚರ್‌ಗೆ ಏನೂ ಮಾಡದೇ ಒಳ್ಳೆ ಹೆಸರು ಬರತ್ತೆ. ಅದಕ್ಕೆ ಅವರು 'ವ್ಯಾಲ್ಯೂ ಆಡೆಡ್' ಅನ್ನೋ ವಿಧಾನ ಬಳಸಿದರು. ನಾವು ಇದನ್ನ 'ಸೇರಿಸಿದ ಮೌಲ್ಯ' ಅನ್ನಬಹುದು.

ಐಡಿಯಾ ಸರಳ. ಒಂದು ಮಗು ಕಳೆದ ವರ್ಷ 60 ತೆಗೆದಿತ್ತು ಅಂದುಕೊಳ್ಳಿ. ಊರಲ್ಲಿ ಕಳೆದ ವರ್ಷ 60 ತೆಗೆದ, ಹೆಚ್ಚು ಕಮ್ಮಿ ಅದೇ ಪರಿಸ್ಥಿತಿಯ ಬೇರೆ ಮಕ್ಕಳೆಲ್ಲ ಈ ವರ್ಷ ಸರಾಸರಿ 64 ತೆಗೆದರು. ಹಾಗಾದ್ರೆ ಈ ಮಗುವಿನಿಂದ ನಿರೀಕ್ಷೆ 64. ಅದು 67 ತೆಗೆದ್ರೆ ಟೀಚರ್ ಲೆಕ್ಕಕ್ಕೆ +3, 62 ತೆಗೆದ್ರೆ −2. ಹೀಗೆ ಕ್ಲಾಸಿನ ಎಲ್ಲ ಮಕ್ಕಳ ವ್ಯತ್ಯಾಸದ ಸರಾಸರಿ ತೆಗೆದ್ರೆ ಅದೇ ಟೀಚರ್ ಸೇರಿಸಿದ ಮೌಲ್ಯ. ಬಡತನ, ಹಾಜರಾತಿ, ವಿಶೇಷ ಅಗತ್ಯ ಇರೋ ಮಕ್ಕಳು ಎಷ್ಟು ಅನ್ನೋದನ್ನೂ ನಿರೀಕ್ಷೆಯ ಲೆಕ್ಕಕ್ಕೆ ಸೇರಿಸ್ತಾರೆ.

ಪಾಸ್ ಪರ್ಸೆಂಟೇಜ್‌ಗಿಂತ ಇದು ಎಷ್ಟೋ ಪಾಲು ನ್ಯಾಯದ್ದು. ಆದ್ರೆ ಇದರಲ್ಲಿ ಎರಡು ಬಿರುಕುಗಳಿವೆ.

ಮೊದಲನೇದು ನಾಯ್ಸ್. ಮಗುವಿನ ಮಾರ್ಕ್ಸ್ ಅವತ್ತಿನ ಜ್ವರದಿಂದ, ಮನೆಯ ಜಗಳದಿಂದ, ಓದಿದ್ದೇ ಪ್ರಶ್ನೆ ಬಂದ ಅದೃಷ್ಟದಿಂದ ಆಚೀಚೆ ಆಗತ್ತೆ. ಹೀಗೆ ಟೀಚರ್‌ಗೆ ಸಂಬಂಧ ಇಲ್ಲದ ಏರುಪೇರು ಪ್ರತಿ ಮಗುವಿಗೆ 12 ಅಂಕದಷ್ಟು ಇದೆ ಅಂತ ಇಟ್ಕೊಳ್ಳಿ (ಸ್ಟ್ಯಾಂಡರ್ಡ್ ಡೀವಿಯೇಶನ್). ಕ್ಲಾಸಲ್ಲಿ 25 ಮಕ್ಕಳು. ಗಣಿತ ಪೇಪರ್‌ನಲ್ಲಿ ನಾವೆಲ್ಲ ಉರು ಹೊಡೆದ ಸೂತ್ರ ಇಲ್ಲಿ ಕೆಲಸಕ್ಕೆ ಬರತ್ತೆ:

```
SE = s / √n = 12 / √25 = 2.4
```

ಅಂದ್ರೆ ನಿಜವಾಗಿ ಸರಾಸರಿ ಮಟ್ಟದ, 0 ಬರಬೇಕಾದ ಟೀಚರ್‌ಗೆ ಒಂದು ವರ್ಷ −4.8 ಬರಬಹುದು, ಇನ್ನೊಂದು ವರ್ಷ +4.8 ಬರಬಹುದು. ಅವರ ಪಾಠ ಒಂಚೂರೂ ಬದಲಾಗಿಲ್ಲ. ಟೀಚರ್‌ಗಳ ನಡುವೆ ಇರೋ ನಿಜವಾದ ಅಂತರವೇ ಎರಡು ಮೂರು ಅಂಕ ಆಗಿದ್ರೆ, ನಾವು ಅಳೀತಾ ಇರೋದು ಟೀಚರ್‌ನ ಅಲ್ಲ, ಅದೃಷ್ಟವನ್ನ. ಮೂರು ವರ್ಷದ 75 ಮಕ್ಕಳನ್ನ ಒಟ್ಟಿಗೆ ತಗೊಂಡ್ರೆ ದೋಷ 1.4ಕ್ಕೆ ಇಳಿಯತ್ತೆ. ಆದ್ರೆ ಇಂಪ್ಯಾಕ್ಟ್ ವರ್ಷ ವರ್ಷವೂ ತೀರ್ಪು ಕೊಡ್ತಿತ್ತು. ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘವೇ 2014ರಲ್ಲಿ ಒಂದು ಹೇಳಿಕೆ ಕೊಡ್ತು: ಹೆಚ್ಚಿನ ಅಧ್ಯಯನಗಳ ಪ್ರಕಾರ ಮಕ್ಕಳ ಅಂಕಗಳಲ್ಲಿ ಕಾಣೋ ಏರುಪೇರಿನಲ್ಲಿ ಟೀಚರ್‌ಗಳ ಪಾಲು ಶೇಕಡಾ 1ರಿಂದ 14ರಷ್ಟು ಮಾತ್ರ. ಟೀಚರ್ ಮುಖ್ಯ ಅಲ್ಲ ಅಂತ ಇದರ ಅರ್ಥ ಅಲ್ಲ. ಅಷ್ಟು ಸಣ್ಣ ಪಾಲನ್ನ ಒಂದು ಕ್ಲಾಸಿನ ಒಂದು ವರ್ಷದ ಮಾರ್ಕ್ಸ್‌ನಿಂದ ಹೆಕ್ಕಿ ತೆಗೆಯೋದು ಕಷ್ಟ ಅಂತ ಅರ್ಥ.

ಎರಡನೇ ಬಿರುಕು ಇನ್ನೂ ವಿಚಿತ್ರ. ಅದನ್ನ ಒಬ್ಬ ಟೀಚರ್ ಕಥೆಯಲ್ಲಿ ನೋಡೋದು ಸುಲಭ.

ಸಾರಾ ವೈಸಾಕಿ ಕೇಸ್

ಸಾರಾ ವೈಸಾಕಿ ವಾಷಿಂಗ್ಟನ್ನಿನ ಮ್ಯಾಕ್‌ಫಾರ್ಲಂಡ್ ಶಾಲೆಯಲ್ಲಿ ಐದನೇ ಕ್ಲಾಸಿನ ಟೀಚರ್. ಅಲ್ಲಿ ಅವರದು ಎರಡನೇ ವರ್ಷ. ಅವರ ಪಾಠ ನೋಡಿದವರು ಒಳ್ಳೇ ಮಾತೇ ಬರೆದಿದ್ದರು, ಶಾಲೆಯವರಿಗೂ ಅವರು ಬೇಕಾಗಿದ್ದರು. ಆದ್ರೆ 2011ರಲ್ಲಿ ಅವರ ಮಕ್ಕಳ ಫಲಿತಾಂಶದ ಸಂಖ್ಯೆ ತುಂಬ ಕೆಳಗೆ ಬಂತು. ಅದು ಒಟ್ಟು ಸ್ಕೋರನ್ನ ಗೆರೆಯಿಂದ ಕೆಳಗೆ ಎಳೀತು. ಆ ಬೇಸಿಗೆಯಲ್ಲಿ ಇಂಪ್ಯಾಕ್ಟ್ ಸ್ಕೋರ್ ಕಾರಣಕ್ಕೆ ಕೆಲಸ ಕಳಕೊಂಡ 206 ಟೀಚರ್‌ಗಳಲ್ಲಿ ಅವರೂ ಒಬ್ಬರು. 2012ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಅವರ ವಿಷಯ ಬರೆದ ಮೇಲೆ ಇದು ದೇಶಕ್ಕೆಲ್ಲ ಗೊತ್ತಾಯ್ತು.

ವೈಸಾಕಿಗೆ ವರ್ಷದ ಶುರುವಲ್ಲೇ ಒಂದು ವಿಷಯ ವಿಚಿತ್ರ ಅನ್ನಿಸಿತ್ತು. ಹಿಂದಿನ ವರ್ಷದ ಪರೀಕ್ಷೆಯಲ್ಲಿ ತುಂಬ ಮೇಲಿನ ದರ್ಜೆ ತೆಗೆದಿದ್ದ ಕೆಲವು ಮಕ್ಕಳಿಗೆ ಸರಿಯಾಗಿ ಓದೋಕೇ ಬರ್ತಿರಲಿಲ್ಲ. ಅವರ ಮಕ್ಕಳಲ್ಲಿ 14 ಜನ ಬಂದದ್ದು ಒಂದೇ ಪ್ರೈಮರಿ ಶಾಲೆಯಿಂದ. ಆ ಶಾಲೆಯ ನಾಲ್ಕನೇ ಕ್ಲಾಸಿನಲ್ಲಿ ಶೇಕಡಾ 29 ಮಕ್ಕಳು ಓದುವಿಕೆಯಲ್ಲಿ ಅತ್ಯುನ್ನತ ದರ್ಜೆ ಪಡೆದಿದ್ದರು, ಊರಿನ ಸರಾಸರಿಯ ಸುಮಾರು ಐದು ಪಟ್ಟು. 2010ರ ಉತ್ತರ ಪತ್ರಿಕೆಗಳಲ್ಲಿ ತಪ್ಪು ಉತ್ತರ ಅಳಿಸಿ ಸರಿ ಮಾಡಿದ ಗುರುತುಗಳು ಅತಿಯಾಗಿ ಕಂಡ 41 ಶಾಲೆಗಳ ಪಟ್ಟಿಯಲ್ಲಿ ಆ ಶಾಲೆಯೂ ಇತ್ತು. ಅಲ್ಲಿ ಯಾರಾದ್ರೂ ಉತ್ತರ ತಿದ್ದಿದರು ಅಂತ ಸಾಬೀತಾಗಲಿಲ್ಲ, ವೈಸಾಕಿಯ ಸ್ಕೋರನ್ನೂ ಬದಲಿಸಲಿಲ್ಲ. ಆದ್ರೆ ಹಾಗೆ ಆಗಿದ್ರೆ ಲೆಕ್ಕ ಏನಾಗತ್ತೆ ಅಂತ ನಾವೇ ಮಾಡಿ ನೋಡಬಹುದು.

25 ಮಕ್ಕಳ ಒಂದು ಕ್ಲಾಸ್. 14 ಮಕ್ಕಳ ನಿಜವಾದ ಮಟ್ಟ 50, ಆದ್ರೆ ಕಾಗದದ ಮೇಲೆ 60 ಅಂತ ಇದೆ. ಊರಲ್ಲಿ ಮಕ್ಕಳು ವರ್ಷಕ್ಕೆ ಸರಾಸರಿ 4 ಅಂಕ ಮೇಲೆ ಹೋಗ್ತಾರೆ. ನಮ್ಮ ಟೀಚರ್ ಸರಾಸರಿಗಿಂತ ಚೆನ್ನಾಗಿ ಪಾಠ ಮಾಡ್ತಾರೆ, ಅವರ ಕೈಯಲ್ಲಿ ಪ್ರತಿ ಮಗುವೂ 6 ಅಂಕ ಮೇಲೆ ಹೋಗತ್ತೆ. ಈಗ ಆ 14 ಮಕ್ಕಳಿಂದ ಮಾಡೆಲ್ ನಿರೀಕ್ಷಿಸೋದು 60+4, ಅಂದ್ರೆ 64. ಬರೋದು 50+6, ಅಂದ್ರೆ 56. ಒಬ್ಬೊಬ್ಬರಿಂದ −8. ಉಳಿದ 11 ಮಕ್ಕಳಿಂದ ಒಬ್ಬೊಬ್ಬರಿಗೆ +2.

```
(14×(−8) + 11×2) / 25 = −90 / 25 = −3.6
```

ಸರಾಸರಿಗಿಂತ ಮೇಲಿರೋ ಟೀಚರ್‌ಗೆ −3.6. ಇವರು ಮಾಡಿದ ತಪ್ಪೇನೂ ಇಲ್ಲ. ಹಿಂದಿನವರು ಉಬ್ಬಿಸಿದ ಬಲೂನಿನ ಗಾಳಿ ಇವರ ಕೈಯಲ್ಲಿ ಹೋಯ್ತು ಅಷ್ಟೇ. ಇನ್ನೂ ಕೆಟ್ಟದ್ದು ಅಂದ್ರೆ ಉಬ್ಬಿಸಿದವರಿಗೆ ಹಿಂದಿನ ವರ್ಷ ಒಳ್ಳೇ ಸ್ಕೋರ್ ಬಂದಿರತ್ತೆ. ಮಾರ್ಕ್ಸ್ ಮೇಲೆ ಬೋನಸ್ಸು, ಕೆಲಸ ಎಲ್ಲ ನಿಂತಾಗ ಮಾರ್ಕ್ಸನ್ನೇ ತಿರುಚೋ ಆಸೆ ಹುಟ್ಟತ್ತೆ, ಆಗ ಆ ಮಾರ್ಕ್ಸ್ ಅಳತೆಗೋಲಾಗಿ ಉಳಿಯಲ್ಲ. ಡೊನಾಲ್ಡ್ ಕ್ಯಾಂಪ್‌ಬೆಲ್ ಅನ್ನೋ ಸಮಾಜ ವಿಜ್ಞಾನಿ 1970ರ ದಶಕದಲ್ಲೇ ಇದನ್ನ ಎಚ್ಚರಿಸಿದ್ದರು, ಇವತ್ತಿಗೂ ಇದಕ್ಕೆ ಅವರ ಹೆಸರೇ ಇದೆ.

ಲೆಕ್ಕದಲ್ಲೇ ತಪ್ಪಾದ್ರೆ? ಅದೂ ಆಯ್ತು. 2013ರ ಡಿಸೆಂಬರ್‌ನಲ್ಲಿ ಮಾಡೆಲ್‌ನ ಲೆಕ್ಕಾಚಾರದ ಒಂದು ದೋಷದಿಂದ 44 ಟೀಚರ್‌ಗಳ ಸ್ಕೋರ್ ತಪ್ಪಾಗಿತ್ತು ಅಂತ ಹೊರಗೆ ಬಂತು. ಅವರಲ್ಲಿ ಒಬ್ಬರನ್ನ ಅದಾಗಲೇ ಕೆಲಸದಿಂದ ತೆಗೆದಾಗಿತ್ತು. ಇಂಥ ತಪ್ಪನ್ನ ಟೀಚರ್ ತಾನೇ ಕಂಡುಹಿಡಿಯೋಕೆ ಆಗಲ್ಲ, ಯಾಕಂದ್ರೆ ಊರಿನ ಎಲ್ಲ ಮಕ್ಕಳ ಡೇಟಾ ಅವರ ಹತ್ರ ಇರಲ್ಲ. ಹ್ಯೂಸ್ಟನ್ ಊರಿನ ಟೀಚರ್‌ಗಳು ಇದೇ ಮಾತು ಹಿಡಿದು ಕೋರ್ಟಿಗೆ ಹೋಗಿದ್ದರು. ಅಲ್ಲಿನ ಮಾಡೆಲ್ ಒಂದು ಖಾಸಗಿ ಕಂಪನಿಯದು, ಒಳಗಿನ ಲೆಕ್ಕ ಗುಟ್ಟು. ತನ್ನ ಸ್ಕೋರ್ ಸರಿಯಾ ಅಂತ ಪರೀಕ್ಷಿಸೋಕೇ ದಾರಿ ಇಲ್ಲದಿರೋವಾಗ ಅದರ ಮೇಲೆ ಕೆಲಸದಿಂದ ತೆಗೆಯೋದು ನ್ಯಾಯಸಮ್ಮತವಾ ಅನ್ನೋ ಟೀಚರ್‌ಗಳ ವಾದ ವಿಚಾರಣೆಗೆ ಅರ್ಹ ಅಂತ 2017ರಲ್ಲಿ ಫೆಡರಲ್ ನ್ಯಾಯಾಧೀಶರು ಹೇಳಿದರು.

ಹಿಂದಿನ ಬೆಂಚಲ್ಲಿ ಕೂತವರು

ಹಾಗಾದ್ರೆ ಫಲಿತಾಂಶ ಬಿಟ್ಟು ಅಬ್ಸರ್ವೇಶನ್ ಒಂದನ್ನೇ ನಂಬಿದ್ರೆ ಸಾಕಾ?

ವಾಷಿಂಗ್ಟನ್‌ನಲ್ಲಿ ಇದನ್ನ ತಕ್ಕಮಟ್ಟಿಗೆ ಶ್ರದ್ಧೆಯಿಂದಲೇ ಮಾಡ್ತಿದ್ದರು. ವರ್ಷಕ್ಕೆ ಐದು ಸಲ, ಪ್ರತಿ ಸಲ ಸುಮಾರು ಅರ್ಧ ಗಂಟೆ. ಮೂರು ಸಲ ಶಾಲೆಯ ಮುಖ್ಯಸ್ಥರು, ಎರಡು ಸಲ 'ಮಾಸ್ಟರ್ ಎಜುಕೇಟರ್' ಅನ್ನೋ ಹೊರಗಿನ ಅನುಭವಿ ಶಿಕ್ಷಕರು. ಹೆಚ್ಚಿನವು ಹೇಳದೇ ಬರೋ ಭೇಟಿಗಳು. ಒಂಬತ್ತು ಅಂಶಗಳಿಗೆ 1ರಿಂದ 4. ಪಾಠದ ಗುರಿ ಸ್ಪಷ್ಟ ಇದೆಯಾ, ಎಲ್ಲ ಮಕ್ಕಳಿಗೆ ಅರ್ಥ ಆಯ್ತಾ ಅಂತ ನಡುನಡುವೆ ಪರೀಕ್ಷಿಸ್ತಾರಾ, ಅರ್ಥ ಆಗದ ಮಗುವಿಗೆ ಆಗ ಏನು ಮಾಡ್ತಾರೆ, ಈ ಥರದ್ದು. ನೋಡಿದ ಮೇಲೆ ಟೀಚರ್ ಜೊತೆ ಕೂತು ಮಾತಾಡಲೇಬೇಕು.

ಹೇಳದೇ ಬರೋದು ಯಾಕೆ ಅಂತ ನಮಗೆ ವಿವರಿಸಬೇಕಾಗಿಲ್ಲ. ಸ್ಕೂಲಲ್ಲಿ ಇನ್‌ಸ್ಪೆಕ್ಷನ್ ಇದ್ದ ದಿನ ಹೊಸ ಚಾರ್ಟ್ ಗೋಡೆಗೆ ಹತ್ತಿರೋದು, ಬೀರುವಿನ ಒಳಗಿದ್ದ ಗ್ಲೋಬ್ ಟೇಬಲ್ ಮೇಲೆ ಬಂದಿರೋದು, ಉತ್ತರ ಹೇಳೋ ಮಕ್ಕಳನ್ನ ಮುಂದಿನ ಸಾಲಲ್ಲಿ ಕೂರಿಸಿರೋದು ನಾವೆಲ್ಲ ನೋಡಿದವರೇ. ಅವತ್ತು ನೋಡಿದ್ದು ಆ ಟೀಚರ್ ಪ್ರಯತ್ನ ಪಟ್ರೆ ಏನು ಮಾಡಬಲ್ಲರು ಅನ್ನೋದನ್ನ, ದಿನಾ ಏನು ಮಾಡ್ತಾರೆ ಅನ್ನೋದನ್ನಲ್ಲ.

ಆದ್ರೆ ಹೇಳದೇ ಬಂದ್ರೂ ಎರಡು ತೊಂದರೆ ಉಳೀತವೆ. ಒಂದು, ಒಂದೇ ಪಾಠವನ್ನ ಇಬ್ಬರು ನೋಡಿದ್ರೆ ಇಬ್ಬರೂ ಬೇರೆ ಬೇರೆ ಅಂಕ ಕೊಡ್ತಾರೆ. ಗೇಟ್ಸ್ ಫೌಂಡೇಶನ್ ಹಣದಿಂದ ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಅಧ್ಯಯನ ಸಾವಿರಾರು ಪಾಠಗಳನ್ನ ವಿಡಿಯೋ ಮಾಡಿ ಇದನ್ನೇ ಪರೀಕ್ಷಿಸಿತು. ಒಬ್ಬರೇ ಒಂದು ಸಲ ನೋಡಿ ಕೊಟ್ಟ ಅಂಕ ನಂಬೋಕೆ ಆಗಲ್ಲ ಅಂತ ಗೊತ್ತಾಯ್ತು. ಅದೇ ವ್ಯಕ್ತಿ ಮತ್ತೆ ಬಂದು ನೋಡೋದಕ್ಕಿಂತ, ಬೇರೆ ವ್ಯಕ್ತಿ ಬಂದು ನೋಡಿದ್ರೆ ನಂಬಿಕೆ ಹೆಚ್ಚು ಬೆಳೆಯತ್ತೆ ಅಂತಲೂ ಗೊತ್ತಾಯ್ತು. ಲ್ಯಾಬಲ್ಲಿ ಒಂದೇ ಮೀಟರ್‌ನಿಂದ ಹತ್ತು ರೀಡಿಂಗ್ ತಗೊಂಡ್ರೂ ಆ ಮೀಟರ್‌ನ ಝೀರೋ ಎರರ್ ಹೋಗಲ್ಲವಲ್ಲ, ಹಾಗೆ.

ಇನ್ನೊಂದು ತೊಂದರೆ ನಾಜೂಕಿನದು. 2014ರಲ್ಲಿ ಬ್ರೂಕಿಂಗ್ಸ್ ಸಂಸ್ಥೆಯವರು ನಾಲ್ಕು ಜಿಲ್ಲೆಗಳ ದಾಖಲೆ ನೋಡಿದಾಗ, ಮೊದಲೇ ಚೆನ್ನಾಗಿ ಓದೋ ಮಕ್ಕಳು ಸಿಕ್ಕಿದ ಟೀಚರ್‌ಗಳಿಗೆ ಅಬ್ಸರ್ವೇಶನ್‌ನಲ್ಲೂ ಹೆಚ್ಚು ಅಂಕ ಬರ್ತಿತ್ತು. ಯಾಕೆ ಅಂತ ಊಹಿಸೋದು ಕಷ್ಟ ಅಲ್ಲ. ಪ್ರಶ್ನೆ ಕೇಳಿದ ತಕ್ಷಣ ಹತ್ತು ಕೈ ಮೇಲೆ ಹೋಗೋ ಕ್ಲಾಸಲ್ಲಿ ಯಾರ ಪಾಠವೂ ಚೆನ್ನಾಗೇ ಕಾಣತ್ತೆ. ಎರಡು ವರ್ಷ ಹಿಂದುಳಿದ ಮಕ್ಕಳಿಗೆ ಒಂದೇ ವಿಷಯವನ್ನ ಮೂರು ಥರ ಹೇಳ್ತಾ ನಿಧಾನವಾಗಿ ಹೋಗೋ ಟೀಚರ್ ಪಾಠ ಹೊರಗಿನವರಿಗೆ ನೀರಸ ಕಾಣತ್ತೆ. ಫಲಿತಾಂಶದ ಲೆಕ್ಕದಲ್ಲಿ ಮಕ್ಕಳ ಹಿನ್ನೆಲೆಯನ್ನ ಸರಿದೂಗಿಸೋಕೆ ಮಾಡೆಲ್ ಇತ್ತು. ಆದ್ರೆ ಅಬ್ಸರ್ವೇಶನ್ ಅಂಕಕ್ಕೆ ಸಾಮಾನ್ಯವಾಗಿ ಅಂಥದ್ದು ಏನೂ ಇರಲಿಲ್ಲ.

ಅದೇ ಅಬ್ಸರ್ವೇಶನ್, ಬೇರೆ ಉಪಯೋಗ

ಇಷ್ಟು ಓದಿ ಇದೆಲ್ಲ ದಂಡ ಅಂತ ತೀರ್ಮಾನ ಮಾಡೋ ಹಾಗಿಲ್ಲ. ಇಂಪ್ಯಾಕ್ಟ್ ಬಗ್ಗೆ ಥಾಮಸ್ ಡೀ ಮತ್ತು ಜೇಮ್ಸ್ ವೈಕಾಫ್ ಮಾಡಿದ ಅಧ್ಯಯನದಲ್ಲಿ, 'ಅಲ್ಪ ಪರಿಣಾಮಕಾರಿ' ಗೆರೆಯ ಸ್ವಲ್ಪ ಕೆಳಗೆ ಬಿದ್ದವರಲ್ಲಿ ಹೆಚ್ಚು ಜನ ತಾವೇ ಕೆಲಸ ಬಿಟ್ಟರು, ಉಳಿದವರ ಸ್ಕೋರ್ ಮುಂದಿನ ವರ್ಷ ಸುಧಾರಿಸಿತು. ಹೆದರಿಕೆಗೂ ಪರಿಣಾಮ ಇದೆ. ಆದ್ರೆ ಹೆದರಿಕೆ ಇಲ್ಲದೇ ಇದ್ರೆ ಏನಾಗತ್ತೆ ಅನ್ನೋದಕ್ಕೆ ಇನ್ನೊಂದು ಊರಿನ ಉದಾಹರಣೆ ಇದೆ.

ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ ಅನುಭವ ಇರೋ ಟೀಚರ್‌ಗಳನ್ನ ಕೆಲವು ವರ್ಷಕ್ಕೊಮ್ಮೆ, ಒಂದು ಇಡೀ ವರ್ಷ ಅಪ್ರೈಸಲ್‌ಗೆ ಒಳಪಡಿಸ್ತಿದ್ದರು. ಆ ವರ್ಷ ನಾಲ್ಕು ಸಲ ಪಾಠ ನೋಡ್ತಿದ್ದರು. ಮೂರು ಸಲ ಬೇರೆ ಶಾಲೆಯ ಅನುಭವಿ ಟೀಚರ್, ಒಂದು ಸಲ ತಮ್ಮ ಪ್ರಿನ್ಸಿಪಾಲ್. ನೋಡಿದ ಮೇಲೆ ಏನು ಕಂಡಿತು ಅಂತ ಬರೆದು ಕೊಟ್ಟು, ಕೂತು ಚರ್ಚೆ ಮಾಡ್ತಿದ್ದರು. ಅನುಭವಿ ಟೀಚರ್‌ಗಳಿಗೆ ಕೆಲಸ ಹೋಗೋ ಭಯ ಹೆಚ್ಚೇನೂ ಇರಲಿಲ್ಲ. ಎರಿಕ್ ಟೇಲರ್ ಮತ್ತು ಜಾನ್ ಟೈಲರ್ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಟೀಚರ್‌ಗಳ ಮಕ್ಕಳು ಗಣಿತದಲ್ಲಿ ಮೊದಲಿಗಿಂತ ಚೆನ್ನಾಗಿ ಮಾಡಿದರು. ಅಪ್ರೈಸಲ್ ಮುಗಿದ ನಂತರದ ವರ್ಷಗಳಲ್ಲೂ ಆ ಸುಧಾರಣೆ ಉಳೀತು. ಇಂಗ್ಲಿಷ್ ಓದುವಿಕೆಯಲ್ಲಿ ಮಾತ್ರ ಅಂಥ ಬದಲಾವಣೆ ಕಾಣಲಿಲ್ಲ.

ಯಾರೂ ನೋಡದೇ ಇದ್ದಾಗಲೂ ಸುಧಾರಣೆ ಉಳೀತು ಅಂದ್ರೆ ಅದು ನಾಟಕ ಅಲ್ಲ, ಟೀಚರ್ ಏನೋ ಕಲಿತಿದ್ದಾರೆ. ನಂಬರ್‌ನಲ್ಲಿ 2.7 ಅಂತ ಬರೆದ್ರೆ ಕಲಿಯೋಕೆ ಏನೂ ಇಲ್ಲ. 'ನೀವು ಅರ್ಥ ಆಯ್ತಾ ಅಂತ ಆರು ಸಲ ಕೇಳಿದಿರಿ, ಆರೂ ಸಲ ಮುಂದಿನ ಬೆಂಚಿನವರೇ ತಲೆ ಆಡಿಸಿದರು' ಅಂತ ಬರೆದ್ರೆ ನಾಳೆ ಬೆಳಗ್ಗೆಯೇ ಬದಲಾಯಿಸೋಕೆ ಒಂದು ವಿಷಯ ಸಿಗತ್ತೆ.

ವಾಷಿಂಗ್ಟನ್ ಕೂಡ ನಿಧಾನವಾಗಿ ಹಿಂದೆ ಸರೀತು. 2012ರಲ್ಲಿ ಮಕ್ಕಳ ಫಲಿತಾಂಶದ ಪಾಲನ್ನ 50ರಿಂದ 35ಕ್ಕೆ ಇಳಿಸಿದರು. 2014ರಲ್ಲಿ, ಹೊಸ ಪರೀಕ್ಷೆ ಬರ್ತಿರೋದರಿಂದ, ಅದನ್ನ ಸದ್ಯಕ್ಕೆ ಬಳಸಲ್ಲ ಅಂತ ಘೋಷಿಸಿದರು.

ನಮ್ಮ ಕಡೆ

ಈಗ ಕರ್ನಾಟಕಕ್ಕೆ ಬರೋಣ. ನಮ್ಮಲ್ಲಿ ವ್ಯಾಲ್ಯೂ ಆಡೆಡ್ ಮಾಡೆಲ್ ಇಲ್ಲ. ಅದರ ಬದಲು ಇರೋದು ಅದಕ್ಕಿಂತ ಒರಟಾದ ಅಳತೆ, ಪಾಸ್ ಪರ್ಸೆಂಟೇಜ್. ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ದಿನವೇ ಜಿಲ್ಲೆಗಳ ರ್‍ಯಾಂಕಿಂಗ್ ಬರತ್ತೆ. ಆಮೇಲೆ ಕಡಿಮೆ ಫಲಿತಾಂಶ ಬಂದ ಶಾಲೆಗಳ ಶಿಕ್ಷಕರಿಗೆ ನೋಟಿಸ್ ಹೋದ ಸುದ್ದಿ ಬರತ್ತೆ. ಆ ಮಕ್ಕಳು ಎಂಟನೇ ಕ್ಲಾಸಿಗೆ ಬಂದಾಗ ಯಾವ ಮಟ್ಟದಲ್ಲಿದ್ದರು ಅನ್ನೋದು ಆ ಲೆಕ್ಕದಲ್ಲಿ ಇಲ್ಲ.

ಈ ಪರ್ಸೆಂಟೇಜ್ ಎಷ್ಟು ನಂಬಿಕೆಗೆ ಅರ್ಹ ಅಂತ 2024ರಲ್ಲಿ ನಾವೇ ನೋಡಿದೆವು. 2023ರಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾದವರು ಶೇಕಡಾ 83.89. ಮುಂದಿನ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಗ್ರೇಸ್ ಮಾರ್ಕ್ಸ್ ಹೆಚ್ಚಿಸಿದ ಮೇಲೂ ಫಲಿತಾಂಶ ಶೇಕಡಾ 73.40ಕ್ಕೆ ಇಳೀತು. ಒಂದು ವರ್ಷದಲ್ಲಿ ರಾಜ್ಯದ ಎಲ್ಲ ಮೇಷ್ಟ್ರುಗಳೂ ಒಟ್ಟಿಗೆ ಪಾಠ ಮಾಡೋದು ಮರೆತರಾ? ಇಲ್ಲ. ಮುಖ್ಯವಾಗಿ ಬದಲಾದದ್ದು ಪರೀಕ್ಷೆ ನಡೆಸೋ ರೀತಿ. ವೈಸಾಕಿ ಕ್ಲಾಸಿನ ಬಲೂನನ್ನ ಇಲ್ಲಿ ನೆನಪು ಮಾಡ್ಕೊಳ್ಳಿ. ಮೊದಲಿಂದಲೂ ಕಾಪಿ ಬಿಡದೇ ಪ್ರಾಮಾಣಿಕವಾಗಿ ಪರೀಕ್ಷೆ ನಡೆಸ್ತಿದ್ದ ಶಾಲೆಗೆ 2023ರಲ್ಲಿ ರ್‍ಯಾಂಕ್ ಪಟ್ಟಿಯಲ್ಲಿ ಕೆಳಗಿನ ಜಾಗ ಸಿಕ್ಕಿದ್ರೆ, ಅದು ಆ ಶಾಲೆಯ ಶಿಕ್ಷಕರ ಸೋಲು ಆಗಿರಲಿಲ್ಲ.

ಇನ್ನು ಇಂಜಿನಿಯರಿಂಗ್ ಕಾಲೇಜು. ನಮ್ಮ ಸಿಲಬಸ್ ಕಾಪಿಯಲ್ಲಿ ಪ್ರತಿ ಸಬ್ಜೆಕ್ಟಿಗೂ 'ಕೋರ್ಸ್ ಔಟ್‌ಕಮ್' ಅಂತ ನಾಲ್ಕೈದು ಸಾಲು ಇರ್ತವಲ್ಲ, ಐಎ ಪ್ರಶ್ನೆ ಪತ್ರಿಕೆಯಲ್ಲಿ ಪ್ರತಿ ಪ್ರಶ್ನೆಯ ಪಕ್ಕ ಸಿಒ1, ಸಿಒ2 ಅಂತ ಬರೆದಿರತ್ತಲ್ಲ, ಅದು ಬರೀ ಅಲಂಕಾರಕ್ಕೆ ಅಲ್ಲ. ಎನ್‌ಬಿಎ ಮಾನ್ಯತೆಗಾಗಿ ಪ್ರತಿ ಔಟ್‌ಕಮ್ ಎಷ್ಟು ಮಟ್ಟಿಗೆ ಸಾಧನೆ ಆಯ್ತು ಅಂತ ಈ ಅಂಕಗಳಿಂದ ಲೆಕ್ಕ ಹಾಕ್ತಾರೆ. ಒಳ್ಳೇ ಉದ್ದೇಶ. ಯಾವ ಟಾಪಿಕ್ ಮಕ್ಕಳಿಗೆ ತಲೆಗೆ ಹತ್ತಿಲ್ಲ ಅಂತ ಗೊತ್ತಾದ್ರೆ ಮುಂದಿನ ಸಲ ಅದನ್ನ ಬೇರೆ ಥರ ಹೇಳಬಹುದು.

ಆದ್ರೆ ಯೋಚಿಸಿ. ಪಾಠ ಮಾಡೋದು ಅವರೇ, ಐಎ ಪೇಪರ್ ತೆಗೆಯೋದು ಅವರೇ, ತಿದ್ದೋದೂ ಅವರೇ. ಆ ಅಂಕ ಕಡಿಮೆ ಬಂದ್ರೆ ವಿವರಣೆ ಬರೆದುಕೊಡಬೇಕಾದೋರೂ ಅವರೇ. ಕಷ್ಟದ ಪ್ರಶ್ನೆ ಕೊಟ್ಟು ನಮ್ಮ ನಿಜವಾದ ಮಟ್ಟ ತಿಳಿಯೋಕೆ ಹೊರಟ ಲೆಕ್ಚರರ್‌ಗೆ ಸಾಧನೆಯ ಮಟ್ಟ ಕಡಿಮೆ ತೋರಿಸತ್ತೆ. ಕ್ವೆಶ್ಚನ್ ಬ್ಯಾಂಕ್ ಕೊಟ್ಟು ಅದರಲ್ಲೇ ಐದು ಪ್ರಶ್ನೆ ಹಾಕಿದವರಿಗೆ ಪೂರ್ತಿ ಸಾಧನೆ. ಅಳತೆ ಮಾಡಿಸಿಕೊಳ್ಳೋರ ಕೈಗೇ ಅಳತೆ ಕೋಲು ಕೊಟ್ಟರೆ, ಪ್ರಾಮಾಣಿಕರಾಗಿ ಇರೋರಿಗೇ ನಷ್ಟ.

ಅಪ್ರೈಸಲ್ ಸರಿಯಾಗಿ ನಡೀತಿದೆಯಾ ಅಂತ ತಿಳಿಯೋಕೆ ನನ್ನ ಪ್ರಕಾರ ಮೂರು ಪ್ರಶ್ನೆ ಸಾಕು. ರಿಸಲ್ಟ್ ಹೋಲಿಸುವಾಗ ಆ ಮಕ್ಕಳು ಶುರುವಲ್ಲಿ ಎಲ್ಲಿದ್ದರು ಅಂತ ನೋಡ್ತಾರಾ? ಒಂದೇ ಬ್ಯಾಚ್ ನೋಡ್ತಾರಾ, ಮೂರ್ನಾಲ್ಕು ಬ್ಯಾಚ್ ನೋಡ್ತಾರಾ? ಪಾಠ ನೋಡಿದ ಮೇಲೆ ಆ ಟೀಚರ್ ಕೈಗೆ ಸಿಗೋದು ಒಂದು ಅಂಕವಾ, ಅಥವಾ ಏನು ಕಂಡಿತು ಅಂತ ಹೇಳೋ ನಾಲ್ಕು ಸಾಲಾ? ಮೂರಕ್ಕೂ ಉತ್ತರ ಸರಿ ಇಲ್ಲದಿದ್ರೆ ಕಡಿಮೆ ಸ್ಕೋರ್ ಬಂದವರು ಕೆಟ್ಟ ಟೀಚರ್ ಅಂತ ಹೇಳೋಕೆ ಆಗಲ್ಲ. ಹೆಚ್ಚು ಅಂದ್ರೆ, ಹೋಗಿ ನೋಡಬೇಕಾದ ಕ್ಲಾಸ್ ಇದು ಅಂತ ಹೇಳಬಹುದು.

ವೈಸಾಕಿ ಮುಂದೇನಾದರು ಅಂತ ಕೇಳಬಹುದು. ಕೆಲಸ ಹೋದ ಕೆಲವೇ ದಿನಗಳಲ್ಲಿ, ನದಿಯ ಆಚೆ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಯ ಒಂದು ಶಾಲೆ ಅವರನ್ನ ಟೀಚರ್ ಆಗಿ ತಗೊಂಡಿತು.